ಸಹಾಯ ಬೇಕು: ಮಾರ್ಗದರ್ಶಕರ ಟೀಕೆಗೆ ಎದುರಾಡದೆ ಸ್ಪಷ್ಟ ಸಲಹೆ ಕೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಬಿ.ಇಡಿ. ವಿದ್ಯಾರ್ಥಿನಿ. ಕಳೆದ ವಾರ ಆರನೇ ತರಗತಿಗೆ ಭಿನ್ನರಾಶಿಗಳ ಸಂಕಲನದ ಅಭ್ಯಾಸ ಪಾಠ ಮಾಡಿದೆ. ಮಾರ್ಗದರ್ಶಕ ಮೇಡಂ ಬರೆದುಕೊಟ್ಟದ್ದು ಒಂದೇ ಸಾಲು: "ಮಕ್ಕಳ ಭಾಗವಹಿಸುವಿಕೆ ಸಾಲದು." ಓದಿದ ತಕ್ಷಣ, "ಮೇಡಂ, ಎಲ್ಲರೂ ಉತ್ತರ ಹೇಳಿದರಲ್ಲ!" ಎಂದುಬಿಟ್ಟೆ. ಅವರು ಮಾತಾಡದೆ ಪುಸ್ತಕ ಮುಚ್ಚಿದರು.

ಆಮೇಲೆ ನೋಟ್‌ಬುಕ್ ತಿದ್ದುವಾಗ ನೋಡಿದರೆ, ಒಬ್ಬ ಹುಡುಗ 1/2 + 1/3 = 2/5 ಎಂದು ಬರೆದಿದ್ದಾನೆ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದಾನೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೂ ಉತ್ತರ ಅರ್ಧಕ್ಕಿಂತ ಕಡಿಮೆ ಬಂದಿದೆ ಎಂಬುದು ಅವನಿಗೆ ಹೊಳೆದಿಲ್ಲ. ತರಗತಿಯಲ್ಲಿ ಅವನೂ ಎಲ್ಲರ ಜೊತೆ "ಆರರಲ್ಲಿ ಐದು" ಎಂದು ಕೂಗಿದ್ದ! ಮೇಡಂ ಕಂಡದ್ದು ಇದನ್ನೇ ಇರಬೇಕು. ನನಗೆ ತುಂಬಾ ಬೇಸರವಾಯಿತು.

ನಾಳೆ ಕ್ಷಮೆ ಕೇಳಿ, ಆ ಪುಟ ತೋರಿಸಿ, ಹೀಗೆ ಕೇಳಬೇಕೆಂದಿದ್ದೇನೆ: "ಪಾಠದ ಯಾವ ಹಂತದಲ್ಲಿ ಮಕ್ಕಳು ಹಿಂದೆ ಬಿದ್ದರು ಮೇಡಂ? ಒಟ್ಟಾಗಿ ಹೇಳಿಸುವ ಬದಲು ಒಬ್ಬೊಬ್ಬರೂ ಕಾಗದ ಮಡಚಿ ತೋರಿಸುವಂತೆ ಮಾಡಲೇ? ಮುಂದಿನ ಪಾಠದಲ್ಲಿ ಆ ಒಂದನ್ನೇ ಗಮನಿಸಿ ಹೇಳುತ್ತೀರಾ?"

ಹೀಗೆ ಕೇಳಿದರೆ ಸರಿಯೇ? ಪರಿಹಾರವನ್ನು ನಾನೇ ಮುಂದಿಟ್ಟರೆ ಮತ್ತೆ ಸಮರ್ಥನೆಯಂತೆ ಕೇಳಿಸುತ್ತದೆಯೇ? ಅಭ್ಯಾಸ ಪಾಠಗಳನ್ನು ವೀಕ್ಷಿಸಿರುವ ಶಿಕ್ಷಕರು ದಯವಿಟ್ಟು ತಿಳಿಸಿ.