ಸಮ್ಮೇಳನದಲ್ಲಿ ಸಿಕ್ಕವರು ಮೇಲ್‌ಗೆ ಉತ್ತರವೇ ಕೊಡುವುದಿಲ್ಲ, ಏನು ಮಾಡಲಿ?

ಶಿರಸಿಯವರು ಕೇಳಿದ್ದು: ಸಾಂಬಾರ ಬೆಳೆಗಳ ಸಮ್ಮೇಳನಕ್ಕೆ ಹೋಗಿದ್ದೆ. ಬಂದ ಮೇಲೆ ಒಂಬತ್ತು ಜನರಿಗೆ ‘ನೈಸ್ ಮೀಟಿಂಗ್ ಯು’ ಅಂತ ಮೇಲ್ ಹಾಕಿದೆ. ಒಬ್ಬರೂ ಉತ್ತರಿಸಲಿಲ್ಲ. ಎರಡು ನಿಮಿಷ ಮಾತಾಡಿದವರಿಗೆ ನಾನು ಯಾರೆಂದು ನೆನಪಿಸುವುದು ಹೇಗೆ?

ಕಾರವಾರ: ನಾನು ಅಂಥ ಮೇಲ್ ಬರುವ ಕಡೆಯವನು. ಸಮ್ಮೇಳನ ಮುಗಿಸಿ ಬಂದರೆ ಜೇಬಿನ ತುಂಬ ಕಾರ್ಡು, ಯಾವುದು ಯಾರದ್ದೋ. ಮೊಬೈಲ್‌ನಲ್ಲಿ ನನಗೆ ಕಾಣುವುದು ಕಳಿಸಿದವರ ಹೆಸರು, ವಿಷಯದ ಸಾಲು, ಮೊದಲ ಅರ್ಧ ವಾಕ್ಯ, ಅಷ್ಟೇ. ‘ನೈಸ್ ಮೀಟಿಂಗ್ ಯು’ ಅಂದರೆ ಎಲ್ಲವೂ ಒಂದೇ ಥರ.

ಒಮ್ಮೆ ಒಬ್ಬರು ಮಗಳ ಖಾತೆಯಿಂದ ಬರೆದಿದ್ದರು. ಕುತ್ತಿಗೆಯ ಬ್ಯಾಡ್ಜಿನಲ್ಲಿ ಒಂದು ಹೆಸರು, ಮೇಲ್‌ನಲ್ಲಿ ಇನ್ನೊಂದು. ನಾನು ತೆರೆಯಲೇ ಇಲ್ಲ. ಆಮೇಲೆ ಅವರೇ ಫೋನ್ ಮಾಡಿ, "ಚಹಾದ ಹೊತ್ತಿಗೆ ಮೆಣಸಿನ ಬಳ್ಳಿ ಫೋಟೋ ತೋರಿಸಿದ್ನಲ್ಲ, ಬುಡ ಕಪ್ಪಾಗಿತ್ತು" ಅಂದರು. ತಕ್ಷಣ ನೆನಪಾಯಿತು. ಮುಖ ಮರೆತಿದ್ದೆ, ಬಳ್ಳಿಯನ್ನು ಮರೆತಿರಲಿಲ್ಲ.

ನೀವಾದರೆ ವಿಷಯದಲ್ಲಿ ‘ಬುಡ ಕಪ್ಪಾದ ಮೆಣಸಿನ ಬಳ್ಳಿ, ಶಿರಸಿ’ ಅಂತ ಹಾಕಿ. ಮೊದಲ ಸಾಲಿನಲ್ಲೇ ಎಲ್ಲಿ ನಿಂತು ಏನು ಮಾತಾಡಿದಿರಿ ಬರೆಯಿರಿ. ಅವರು ಆಗ ಹೇಳಿದ ಮಾತೊಂದನ್ನೂ ಸೇರಿಸಿ. ಆಮೇಲೆ ಒಂದೇ ಪ್ರಶ್ನೆ: ‘ಮಳೆಗೆ ಮುಂಚೆ ಬೋರ್ಡೋ ಹೊಡೆಯುವಾಗ ಬುಡಕ್ಕೂ ಔಷಧಿ ಸುರಿಯಬೇಕೇ?’ ಇದಕ್ಕೆ ಬಸ್ಸಿನಲ್ಲಿ ಕೂತೇ ಉತ್ತರ ಬರೆಯಬಹುದು. ‘ನಿಮ್ಮ ಮಾರ್ಗದರ್ಶನ ಬೇಕು’ ಅಂದರೆ ಮಾತ್ರ ಏನು ಬರೆಯುವುದು ಅಂತಲೇ ತಿಳಿಯುವುದಿಲ್ಲ.

ಹೊನ್ನಾವರ: ಮೇಲ್ ಯಾಕೆ ಮಾರಾಯ್ರೆ? ಅದೇ ರಾತ್ರಿ ಒಂದು ಸೆಲ್ಫಿ ಜೊತೆ ವಾಟ್ಸಾಪ್ ಹಾಕಿಬಿಡಿ.

ಕಾರವಾರ: ಬೇಗ ಬರೆಯಬೇಕು ಅನ್ನುವುದು ಸರಿ. ಫೋಟೋನೂ ಒಳ್ಳೆಯದೇ. ಆದರೆ ನಂಬರ್ ಅವರೇ ಕೊಟ್ಟಿದ್ದರೆ ಮಾತ್ರ. ಪಟ್ಟಿಯಿಂದ ಎತ್ತಿಕೊಂಡು ಸಂದೇಶ ಹಾಕಿದರೆ ನನಗಂತೂ ಕಿರಿಕಿರಿ.

ಅಂಕೋಲಾ: ನನ್ನದೂ ಇದೇ ಗೋಳು. ಹೋಮ್‌ಸ್ಟೇಯ ವಿಡಿಯೋ ಕಳಿಸಿದರೆ ಹೋಗುವುದೇ ಇಲ್ಲ, ಜಿಮೇಲ್ 25 ಎಂಬಿ ದಾಟಬಾರದು ಅನ್ನುತ್ತದೆ!

ಕುಮಟಾ: ಅಕ್ಕ, ಅವರ ಮೇಲ್ ಹೋಗಿದೆ, ಉತ್ತರ ಬಂದಿಲ್ಲ ಅಷ್ಟೇ. ಒಂಬತ್ತೂ ಜನರಿಗೆ ಒಂದೇ ಮೇಲ್‌ನಲ್ಲಿ ಹಾಕಿದ್ದರಾ, ಅದು ಗೊತ್ತಾಗಬೇಕು.

ಶಿರಸಿ: ಹೂಂ, ಒಂದೇ ಮೇಲ್. ಎಲ್ಲರ ವಿಳಾಸವೂ ಎಲ್ಲರಿಗೂ ಕಾಣುತ್ತಿತ್ತು.

ಕುಮಟಾ: ಹಾಗಾದರೆ ಬೇರೆಯವರು ಉತ್ತರಿಸುತ್ತಾರೆ ಅಂತ ಎಲ್ಲರೂ ಸುಮ್ನೆ ಇದ್ದಾರೆ. ಈಗ ಮೂವರಿಗೆ ಬೇರೆ ಬೇರೆಯಾಗಿ ಬರೆಯಿರಿ. ಹತ್ತು ದಿನ ಬಿಟ್ಟು ಅದೇ ಮೇಲ್‌ಗೇ ಒಂದು ಸಾಲು ಸೇರಿಸಿ ಕಳಿಸಿ.

ಕಾರವಾರ: ಎರಡನೇ ಸಲ ನಾನು ಬೇಡ ಅನ್ನುತ್ತೇನೆ. ಬೇಕಿದ್ದರೆ ಉತ್ತರ ಬರುತ್ತದೆ.

ಕುಮಟಾ: ನನಗೆ ಎರಡನೆಯದಕ್ಕೇ ಜಾಸ್ತಿ ಉತ್ತರ ಬಂದಿದೆ ಸರ್.

ಶಿರಸಿ: ಮೊದಲು ಮಗನ ಖಾತೆಯಲ್ಲಿ ನನ್ನ ಹೆಸರು ಹಾಕಿಸುತ್ತೇನೆ. ನಂದೂ ಅದೇ ಕಥೆ.