ಟಿಎಲ್‌ಬಿ ಹಿಟ್ ರೇಶಿಯೋ ಲೆಕ್ಕ: ಮಿಸ್ ಆದಾಗ ಮೆಮೊರಿಗೆ ಎಷ್ಟು ಸಲ ಹೋಗಬೇಕು?

ಪುಟ_ಹುಡುಕಿ (ಕೇಳಿದವರು):
ಟಿಎಲ್‌ಬಿ ಹುಡುಕೋಕೆ 10 ನ್ಯಾನೋಸೆಕೆಂಡ್, ಮೆಮೊರಿಗೆ ಒಂದು ಸಲ ಹೋಗೋಕೆ 80, ಹಿಟ್ ರೇಶಿಯೋ 90 ಪರ್ಸೆಂಟ್, ಪೇಜ್ ಟೇಬಲ್ ಎರಡು ಹಂತದ್ದು. ಸರಾಸರಿ ಮೆಮೊರಿ ಆಕ್ಸೆಸ್ ಸಮಯ, ಅಂದರೆ EMAT, ಕಂಡುಹಿಡಿಯಬೇಕು. ನನಗೆ 98 ಬಂತು, ನನ್ನ ಗೆಳತಿಗೆ 106, ಕೊಟ್ಟಿರುವ ಉತ್ತರ 105. ಯಾವುದು ಸರಿ? ಇಂಥ ಲೆಕ್ಕ ಮಾಡಿ ಪಳಗಿದವರು ನಿಮ್ಮ ಅನುಭವ ಹೇಳಿ, ದಯವಿಟ್ಟು.

ಓಎಸ್_ಓದುಗ:
98 ಸರಿ ಅನ್ನಿಸುತ್ತೆ. ನಾನು ಯಾವಾಗಲೂ ಈ ಫಾರ್ಮುಲಾ ಹಾಕುತ್ತೇನೆ:

```
EMAT = h × (t + m) + (1 − h) × (t + 2m)
     = 0.9 × 90 + 0.1 × 170
     = 81 + 17 = 98
```

ಹಂತ ಎಷ್ಟಿದ್ದರೂ ಟಿಎಲ್‌ಬಿ ಇದ್ದಮೇಲೆ ವ್ಯತ್ಯಾಸ ಆಗಲ್ಲ. ನೇರವಾಗಿ ಫ್ರೇಮ್ ನಂಬರ್ ಸಿಕ್ಕಿಬಿಡುತ್ತಲ್ವಾ?

ಲ್ಯಾಬ್_ಮೇಷ್ಟ್ರು:
ಹಿಟ್ ಆದಾಗ ನೀವು ಹೇಳಿದ್ದು ನಿಜ. ಟೇಬಲ್ ಎರಡು ಹಂತದ್ದಿರಲಿ ನಾಲ್ಕು ಹಂತದ್ದಿರಲಿ, ಹಿಟ್ ಆದರೆ 90ರಲ್ಲಿ ಮುಗಿಯಿತು. ಆದರೆ ಮಿಸ್ ಆದಾಗ ಫ್ರೇಮ್ ನಂಬರ್ ಟಿಎಲ್‌ಬಿಯಲ್ಲಿ ಇರುವುದಿಲ್ಲ. ಟೇಬಲ್‌ಗೇ ಹೋಗಿ ತರಬೇಕು. ನಿಮ್ಮ ಫಾರ್ಮುಲಾದಲ್ಲಿರುವ 2m ಒಂದೇ ಹಂತದ ಟೇಬಲ್‌ಗೆ ಬರೆದದ್ದು.

ಪುಟ_ಹುಡುಕಿ ಅವರೇ, ಫಾರ್ಮುಲಾ ಪಕ್ಕಕ್ಕಿಟ್ಟು ಒಂದೇ ಒಂದು ವಿಳಾಸದ ಹಿಂದೆ ಹೋಗಿ ನೋಡಿ. 32 ಬಿಟ್ ವಿಳಾಸ, 4 ಕೆಬಿ ಪೇಜ್ ಅಂತ ಇಟ್ಟುಕೊಳ್ಳಿ. ಕೆಳಗಿನ 12 ಬಿಟ್ ಆಫ್‌ಸೆಟ್, ಉಳಿದ 20 ಬಿಟ್ ಹತ್ತು ಹತ್ತಾಗಿ ಎರಡು ಹಂತಕ್ಕೆ ಹಂಚಿಕೆ.

ಮೊದಲು ಟಿಎಲ್‌ಬಿ ನೋಡಿದಿರಿ. 10 ಹೋಯಿತು, ಸಿಗಲಿಲ್ಲ. ಹೊರಗಿನ ಟೇಬಲ್ ಎಲ್ಲಿದೆ ಅನ್ನೋದು ರಿಜಿಸ್ಟರ್‌ನಲ್ಲೇ ಇರುತ್ತೆ, ಅದಕ್ಕೆ ಮೆಮೊರಿಗೆ ಹೋಗಬೇಕಿಲ್ಲ. ಆದರೆ ಆ ಟೇಬಲ್ ಒಳಗಿನ ಸಾಲು ಓದಬೇಕು: 80. ಆ ಸಾಲು ಒಳಗಿನ ಟೇಬಲ್ ಎಲ್ಲಿದೆ ಅಂತ ಹೇಳುತ್ತೆ. ಅಲ್ಲಿಗೆ ಹೋಗಿ ಅದರ ಸಾಲು ಓದಬೇಕು: ಇನ್ನೊಂದು 80. ಈಗ ಫ್ರೇಮ್ ನಂಬರ್ ಕೈಗೆ ಬಂತು. ಆದರೆ ಪ್ರೋಗ್ರಾಂ ಕೇಳಿದ ಡೇಟಾ ಇನ್ನೂ ಬಂದಿಲ್ಲ. ಅದಕ್ಕೆ ಮತ್ತೊಂದು 80. ಒಟ್ಟು 250.

ಈಗ ನೂರು ಸಲದ ಲೆಕ್ಕ ಹಾಕಿ. 90 ಸಲ 90ರಂತೆ 8100. 10 ಸಲ 250ರಂತೆ 2500. ಕೂಡಿದರೆ 10600, ನೂರರಿಂದ ಭಾಗಿಸಿದರೆ 106. ನಿಮ್ಮ ಗೆಳತಿಯ ಉತ್ತರ ಸರಿ.

ಪುಟ_ಹುಡುಕಿ:
ಸರ್, ಅರ್ಥ ಆಯ್ತು. ಹಾಗಾದರೆ 105 ಎಲ್ಲಿಂದ ಬಂತು?

ಲ್ಯಾಬ್_ಮೇಷ್ಟ್ರು:
ಅವರು ಮಿಸ್ ದಾರಿಗೆ 240 ಹಾಕಿದ್ದಾರೆ. 81 + 24 = 105. ಅಂದರೆ ಮಿಸ್ ಆದಾಗ ಟಿಎಲ್‌ಬಿ ಹುಡುಕಿದ 10 ಸೇರಿಸಿಲ್ಲ. ಇದಕ್ಕೆ ಎರಡು ಕಾರಣ ಇರಬಹುದು. ಸುಮ್ನೆ ಬಿಟ್ಟುಹೋಗಿರಬಹುದು. ಇಲ್ಲವೇ ಟಿಎಲ್‌ಬಿ ಹುಡುಕುವಾಗಲೇ ಟೇಬಲ್ ಕಡೆಗೂ ಹೊರಟಿರುತ್ತೇವೆ, ಎರಡೂ ಒಟ್ಟಿಗೆ ನಡೆಯುತ್ತವೆ ಅಂತ ಅಂದುಕೊಂಡಿರಬಹುದು. ಪ್ರಶ್ನೆಯಲ್ಲಿ ಹಾಗೆ ಬರೆದಿದ್ದರೆ 105 ಸರಿ. ಬರೆದಿಲ್ಲದಿದ್ದರೆ ಒಂದಾದ ಮೇಲೊಂದು ಅಂತಲೇ ತೆಗೆದುಕೊಳ್ಳಬೇಕು, ಆಗ 106. ನಿಮ್ಮ ಪ್ರಶ್ನೆಯ ಮೂಲ ವಾಕ್ಯ ಮತ್ತೊಮ್ಮೆ ಓದಿ ನೋಡಿ.

ಬಿಟ್_ಬೈಟ್_ಬೆಳಗು:
ನೀವೆಲ್ಲ ಯಾಕೆ ಇಷ್ಟು ಉದ್ದ ಮಾಡ್ತಿದ್ದೀರಿ? ಹಿಟ್ ಆದರೆ 10, ಮಿಸ್ ಆದರೆ 10 + 80. 0.9 × 10 + 0.1 × 90 = 18. ಕ್ಯಾಶ್ ಲೆಕ್ಕ ಹೀಗೇ ತಾನೇ ಮಾಡೋದು?

ಲ್ಯಾಬ್_ಮೇಷ್ಟ್ರು:
ಕ್ಯಾಶ್‌ನಲ್ಲಿ ಹಿಟ್ ಆದರೆ ಡೇಟಾನೇ ಸಿಗುತ್ತೆ, ಅದಕ್ಕೇ ಅಲ್ಲಿ ಆ ಲೆಕ್ಕ ನಡೆಯುತ್ತೆ. ಟಿಎಲ್‌ಬಿಯಲ್ಲಿ ಹಿಟ್ ಆದರೆ ಸಿಗೋದು ವಿಳಾಸ ಮಾತ್ರ. ಡೇಟಾಗೆ 80 ಕೊಡಲೇಬೇಕು. ಈ ಲೆಕ್ಕದಲ್ಲಿ ಕ್ಯಾಶ್ ಮಾತೇ ಇಲ್ಲ, ಹಾಗಾಗಿ 80ಕ್ಕಿಂತ ಕಡಿಮೆ ಉತ್ತರ ಬಂದರೆ ಎಲ್ಲೋ ಡೇಟಾ ಬಿಟ್ಟಿದ್ದೀರಿ ಅಂತಲೇ ಅರ್ಥ.

ಆದರೆ ನೀವು ಹಿಡಿದ ದಾರಿಯಿಂದಲೂ ಸರಿ ಉತ್ತರ ತಲುಪಬಹುದು. ವಿಳಾಸ ಹುಡುಕೋಕೆ ಸರಾಸರಿ ಎಷ್ಟು ಅಂತ ಮಾತ್ರ ನೋಡಿ. 10 ಎಲ್ಲ ಸಲವೂ ಬೇಕು. ಮಿಸ್ ಆದ ಹತ್ತರಲ್ಲೊಂದು ಸಲ ಎರಡು ಹಂತಕ್ಕೆ 160, ಅಂದರೆ ಸರಾಸರಿ 16. ಒಟ್ಟು 26. ಇದಕ್ಕೆ ಡೇಟಾದ 80 ಸೇರಿಸಿದರೆ 106. ಇದನ್ನೇ ಹೀಗೆ ಬರೆಯಬಹುದು:

```
EMAT = t + m + (1 − h) × k × m
     = 10 + 80 + 0.1 × 2 × 80 = 106
```

`k` ಅಂದರೆ ಹಂತಗಳ ಸಂಖ್ಯೆ. ನನಗೆ ಈ ರೂಪವೇ ಇಷ್ಟ. ಯಾವ ಖರ್ಚು ಪ್ರತಿ ಸಲವೂ ಇದೆ, ಯಾವುದು ಮಿಸ್ ಆದಾಗ ಮಾತ್ರ ಅನ್ನೋದು ಕಣ್ಣಿಗೆ ಕಾಣುತ್ತೆ. `h` ಜಾಗದಲ್ಲಿ 1 ಹಾಕಿದರೆ 90 ಬರಬೇಕು, 0 ಹಾಕಿದರೆ 250 ಬರಬೇಕು. ಯಾವ ಹಿಟ್ ರೇಶಿಯೋ ಕೊಟ್ಟರೂ ಉತ್ತರ ಇವೆರಡರ ನಡುವೆಯೇ ಇರಬೇಕು.

ಓಎಸ್_ಓದುಗ ಅವರಿಗೆ ಒಂದು ಮಾತು. ಇದೇ ಎರಡು ಹಂತದ ಟೇಬಲ್‌ನಲ್ಲಿ ಹಿಟ್ 95 ಪರ್ಸೆಂಟ್ ಆದರೆ 90 + 0.05 × 160 = 98. ಹಂತ ಎರಡು ಪಟ್ಟಾದರೂ ಮಿಸ್ ಅರ್ಧಕ್ಕೆ ಇಳಿದಿದ್ದರಿಂದ ಒಂದು ಹಂತದ್ದೇ ಉತ್ತರ ಬಂತು. ಹಂತ ಜಾಸ್ತಿ ಆದಷ್ಟೂ ಮಿಸ್ ಕಡಿಮೆ ಮಾಡೋದಕ್ಕೆ ಬೆಲೆ ಜಾಸ್ತಿ.

ಓಎಸ್_ಓದುಗ:
ಒಪ್ಪಿದೆ ಮೇಷ್ಟ್ರೇ, ಈ `k` ಇರುವ ರೂಪ ಬರೆದಿಟ್ಟುಕೊಂಡೆ.

ಡೇಟಾಬೇಸ್_ಕೆಲಸದವ:
ಪರೀಕ್ಷೆ ಪ್ರಶ್ನೆ ನನಗೆ ಗೊತ್ತಿಲ್ಲ, ನನ್ನ ಕಡೆಯ ವಿಷಯ ಹೇಳುತ್ತೇನೆ. ನಮ್ಮಲ್ಲಿ ಒಂದು ದೊಡ್ಡ ಹ್ಯಾಶ್ ಟೇಬಲ್ ಇದೆ, ಹಲವು ಜಿಬಿ. ಹುಡುಕಾಟ ಎಲ್ಲೆಂದರಲ್ಲಿ ಹೋಗುತ್ತೆ, ಒಂದು ಪೇಜ್‌ಗೆ ಹೋದವರು ಅಲ್ಲೇ ಇನ್ನೊಂದು ಸಲ ಓದೋದು ಅಪರೂಪ. ಪ್ರೋಗ್ರಾಂ ನಿಧಾನ ಅಂತ ಹೀಗೆ ಅಳೆದೆವು:

```
perf stat -e dTLB-loads,dTLB-load-misses ./hudukaata
```

ಮಿಸ್ ಪರ್ಸೆಂಟ್ ನೋಡೋಕೆ ಚಿಕ್ಕದೇ ಇತ್ತು. ಅದನ್ನು ನೋಡಿ ಇಲ್ಲಿ ತೊಂದರೆ ಇಲ್ಲ ಅಂತ ಬಿಡುವವರಿದ್ದೆವು. ಆದರೆ ಲೋಡ್‌ಗಳಲ್ಲಿ ಬಹುಪಾಲು ಸ್ಟ್ಯಾಕ್ ಮೇಲಿನ ವೇರಿಯೇಬಲ್‌ಗಳದ್ದು, ಅವು ಹೇಗೂ ಹಿಟ್ ಆಗುತ್ತವೆ. ಹ್ಯಾಶ್ ಟೇಬಲ್ ಮುಟ್ಟುವ ಲೋಡ್‌ಗಳು ಮಾತ್ರ ಹೆಚ್ಚುಕಡಿಮೆ ಎಲ್ಲವೂ ಮಿಸ್. ಸರಾಸರಿ ಅದನ್ನು ಮುಚ್ಚಿಹಾಕಿತ್ತು.

ಕಾರಣ ಸರಳ. 1536 ಸಾಲುಗಳ ಟಿಎಲ್‌ಬಿ, 4 ಕೆಬಿ ಪೇಜ್ ಅಂದರೆ ಒಂದು ಸಮಯಕ್ಕೆ 6 ಎಂಬಿ ಮಾತ್ರ ಅದರ ಹಿಡಿತದಲ್ಲಿರುತ್ತೆ. `madvise` ಕರೆದು `MADV_HUGEPAGE` ಕೊಟ್ಟು 2 ಎಂಬಿ ಪೇಜ್‌ಗೆ ಬಂದೆವು. ಅಷ್ಟೇ ಸಾಲುಗಳಲ್ಲಿ ಹಿಡಿತ 3 ಜಿಬಿ ಆಯಿತು. x86-64ರಲ್ಲಿ ಮಾಮೂಲಿ ನಾಲ್ಕು ಹಂತದ ಟೇಬಲ್ ಆದರೆ ಹೀಗೆ ಒಂದು ಹಂತ ಕಡಿಮೆಯೂ ಆಗುತ್ತೆ. ನಿಮ್ಮ ಫಾರ್ಮುಲಾದಲ್ಲಿ `h` ಏರಿತು, `k` ಇಳಿಯಿತು.

ಲ್ಯಾಬ್_ಮೇಷ್ಟ್ರು:
ಒಳ್ಳೆಯ ಉದಾಹರಣೆ ಕೊಟ್ಟಿರಿ. ಒಂದು ಎಚ್ಚರಿಕೆ ಮಾತ್ರ. ನಿಜವಾದ ಯಂತ್ರದಲ್ಲಿ ಮಿಸ್‌ನ ಖರ್ಚು ನೇರವಾಗಿ `k × m` ಆಗುವುದಿಲ್ಲ. ಪೇಜ್ ಟೇಬಲ್‌ನ ಸಾಲುಗಳೂ ಕ್ಯಾಶ್‌ನಲ್ಲಿ ಕೂರುತ್ತವೆ. ಮೇಲಿನ ಹಂತದ ಸಾಲುಗಳನ್ನು ನೆನಪಿಟ್ಟುಕೊಳ್ಳೋಕೆ ಪ್ರೊಸೆಸರ್ ಒಳಗೆ ಬೇರೆ ಪುಟ್ಟ ಕ್ಯಾಶ್‌ಗಳೂ ಇವೆ. ಹಾಗಾಗಿ ಎಷ್ಟೋ ಸಲ ಕೊನೆಯ ಹಂತದ ಒಂದು ಓದಿಗೆ ಮಾತ್ರ ನಿಜವಾಗಿ ಕಾಯಬೇಕಾಗುತ್ತೆ. ವರ್ಚುವಲ್ ಮೆಷೀನ್ ಒಳಗೆ ಪರಿಸ್ಥಿತಿ ಉಲ್ಟಾ. ಅತಿಥಿಯದ್ದು ನಾಲ್ಕು ಹಂತ, ಆತಿಥೇಯನದ್ದು ನಾಲ್ಕು ಹಂತ ಇದ್ದರೆ ಒಂದು ಮಿಸ್‌ಗೆ 24 ಓದುಗಳವರೆಗೂ ಹೋಗಬಹುದು. ಅತಿಥಿಯ ಪ್ರತಿ ಸಾಲಿನ ವಿಳಾಸವನ್ನೂ ಆತಿಥೇಯನ ಟೇಬಲ್‌ನಲ್ಲಿ ಹುಡುಕಬೇಕಲ್ಲ.

ಹಳೇ_ಕರ್ನಲ್:
106 ಅಂತ ಇಷ್ಟು ಖಡಾಖಂಡಿತವಾಗಿ ಹೇಳಬೇಡಿ ಮೇಷ್ಟ್ರೇ. ಮಿಸ್ ಆದಮೇಲೆ ಆ ಇನ್‌ಸ್ಟ್ರಕ್ಷನ್ ಮತ್ತೆ ಮೊದಲಿನಿಂದ ಓಡಿದರೆ? ಆಗ ಟಿಎಲ್‌ಬಿ ಇನ್ನೊಂದು ಸಲ ಹುಡುಕಬೇಕು. 10 + 160 + 10 + 80, ಅಂದರೆ 260. ಉತ್ತರ 107. ಮಿಪ್ಸ್‌ನಲ್ಲಿ ಹಾಗೇ ಇತ್ತು. ಟಿಎಲ್‌ಬಿ ತುಂಬೋದು ಆಪರೇಟಿಂಗ್ ಸಿಸ್ಟಮ್ ಕೆಲಸ, ತುಂಬಿ ವಾಪಸ್ ಬಂದಮೇಲೆ ಅದೇ ಇನ್‌ಸ್ಟ್ರಕ್ಷನ್ ಮತ್ತೆ ಓಡುತ್ತೆ.

ಲ್ಯಾಬ್_ಮೇಷ್ಟ್ರು:
ಮಿಪ್ಸ್ ವಿಷಯ ನಿಜ. ಆದರೆ ಅಲ್ಲಿ ಆ ಹ್ಯಾಂಡ್ಲರ್‌ನ ಇನ್‌ಸ್ಟ್ರಕ್ಷನ್‌ಗಳು ಓಡುವ ಸಮಯವೂ ಸೇರಬೇಕು, ಪ್ರಶ್ನೆ ಅದನ್ನು ಕೊಟ್ಟಿಲ್ಲ. ಅದಕ್ಕೇ ಹಾರ್ಡ್‌ವೇರ್ ಟೇಬಲ್ ಓದುತ್ತೆ ಅಂತ ಇಟ್ಟುಕೊಂಡು 106 ಅಂದೆ.

ಹಳೇ_ಕರ್ನಲ್:
ಪ್ರಶ್ನೆ ಹಾರ್ಡ್‌ವೇರ್ ಅಂತಲೂ ಹೇಳಿಲ್ಲವಲ್ಲ. ನಾನಾಗಿದ್ದರೆ ಉತ್ತರದ ಮೇಲೆ ಒಂದು ಸಾಲು ಬರೆಯುತ್ತಿದ್ದೆ: ಮಿಸ್ ನಂತರ ಟಿಎಲ್‌ಬಿ ಮತ್ತೆ ಹುಡುಕುವುದಿಲ್ಲ ಎಂದು ಭಾವಿಸಿದೆ ಅಂತ. ಆಮೇಲೆ 106 ಬರೆದರೆ ನನ್ನ ತಕರಾರಿಲ್ಲ.

ಪುಟ_ಹುಡುಕಿ:
ಪ್ರಶ್ನೆ ಮತ್ತೆ ಓದಿದೆ. ಒಟ್ಟಿಗೆ ಹುಡುಕುತ್ತೆ ಅಂತ ಎಲ್ಲೂ ಇಲ್ಲ. ಹಳೇ_ಕರ್ನಲ್ ಸರ್ ಹೇಳಿದ ಹಾಗೆ ಮೇಲೆ ಒಂದು ಸಾಲು ಬರೆದು 106 ಬರೆಯುತ್ತೇನೆ. ಇದರದ್ದೇ ಮುಂದಿನ ಭಾಗದಲ್ಲಿ ಪೇಜ್ ಫಾಲ್ಟ್ ಸೇರಿಸಿದ್ದಾರೆ. ಹತ್ತು ಲಕ್ಷಕ್ಕೊಂದು ಫಾಲ್ಟ್, ಅದನ್ನು ಸರಿಪಡಿಸೋಕೆ 8 ಮಿಲಿಸೆಕೆಂಡ್. ಇದನ್ನು ಮಿಸ್ ಒಳಗೆ ಹಾಕಬೇಕಾ, ಹೊರಗೆ ಹಾಕಬೇಕಾ?

ಲ್ಯಾಬ್_ಮೇಷ್ಟ್ರು:
ಯಾವುದರ ಹತ್ತು ಲಕ್ಷ ಅನ್ನೋದನ್ನು ನೋಡಿ. ಒಟ್ಟು ಆಕ್ಸೆಸ್‌ಗಳ ಹತ್ತು ಲಕ್ಷಕ್ಕೊಂದು ಆದರೆ ಹೊರಗೇ ಕೂಡಿಸಿ. 8 ಮಿಲಿಸೆಕೆಂಡ್ ಅಂದರೆ 80 ಲಕ್ಷ ನ್ಯಾನೋಸೆಕೆಂಡ್, ಹತ್ತು ಲಕ್ಷದಿಂದ ಭಾಗಿಸಿದರೆ ಸರಾಸರಿ 8. ಉತ್ತರ 114. ಟಿಎಲ್‌ಬಿ ಮಿಸ್‌ಗಳಲ್ಲಿ ಹತ್ತು ಲಕ್ಷಕ್ಕೊಂದು ಅಂತ ಬರೆದಿದ್ದರೆ ಅದು ಮಿಸ್ ಒಳಗೆ ಬರುತ್ತೆ. ಒಟ್ಟು ಆಕ್ಸೆಸ್‌ನಲ್ಲಿ ಮಿಸ್ ಹತ್ತರಲ್ಲೊಂದು, ಹಾಗಾಗಿ 0.8 ಮಾತ್ರ ಸೇರಿ 106.8.

ಟಿಎಲ್‌ಬಿ ಮಿಸ್ ಆದ ತಕ್ಷಣ ಪೇಜ್ ಫಾಲ್ಟ್ ಅಂತ ತಿಳಿಯಬೇಡಿ. ಮಿಸ್ ಆದ ಬಹುತೇಕ ಪೇಜ್‌ಗಳು ಮೆಮೊರಿಯಲ್ಲೇ ಇರುತ್ತವೆ, ಅವುಗಳ ವಿಳಾಸ ಮಾತ್ರ ಟಿಎಲ್‌ಬಿಯಲ್ಲಿ ಇರುವುದಿಲ್ಲ.

ಹಳೇ_ಕರ್ನಲ್:
ಫಾಲ್ಟ್ ಆದಮೇಲೆ ಇನ್‌ಸ್ಟ್ರಕ್ಷನ್ ಮತ್ತೆ ಓಡೋದು ಎಲ್ಲ ಯಂತ್ರದಲ್ಲೂ ಇದೆ. ಅದರ 250 ಎಲ್ಲಿ ಹೋಯಿತು?

ಲ್ಯಾಬ್_ಮೇಷ್ಟ್ರು:
ಅದೂ ಇದೆ, ಬಿಟ್ಟಿದ್ದೇನೆ. ಹತ್ತು ಲಕ್ಷಕ್ಕೊಂದು ಸಲ 250 ಅಂದರೆ ಸರಾಸರಿಗೆ 0.00025 ನ್ಯಾನೋಸೆಕೆಂಡ್ ಸೇರುತ್ತೆ. 114 ಅನ್ನೋ ಉತ್ತರದಲ್ಲಿ ಅದು ಕಾಣುವುದಿಲ್ಲ. ನೀವು ಹೇಳಿದ 107ರ ಆ 1 ಮಾತ್ರ ಕಾಣುತ್ತೆ, ಅದು ಹತ್ತು ಸಲಕ್ಕೊಮ್ಮೆ ಬರುವ ಖರ್ಚು.