ಹಳೇ ದರ ಉಳೀತು, ಹೊಸ ಬಟನ್ ಬರಲಿಲ್ಲ: ಬಿಲ್ಲಿಂಗ್ ಮೇಡಂ ಜೊತೆ ಪ್ರಶ್ನೋತ್ತರ

ಅನುವಾದದ ಆಫೀಸು: ಮೇಡಂ, ನಾವು ಆರು ಜನ ಒಂದು ಫೈಲ್ ಹಂಚಿಕೆ ಸೇವೆಯನ್ನ ಹಳೇ ಪ್ಲಾನ್‌ನಲ್ಲಿ ಬಳಸ್ತಿದ್ದೀವಿ. ದರ ಏರಿಸಿದಾಗ ‘ನೀವು ಹಳಬರು, ನಿಮಗೆ ಹಳೇ ದರವೇ’ ಅಂತ ಮೇಲ್ ಬಂತು, ಖುಷಿಪಟ್ವಿ. ಈಗ ನೋಡಿದ್ರೆ ಗ್ರಾಹಕರು ಫೈಲ್ ತೆರೆದು ಅಲ್ಲೇ ‘ಒಪ್ಪಿಗೆ’ ಒತ್ತೋ ಹೊಸ ಬಟನ್ ನಮಗಿಲ್ಲ. ಇದು ದೋಷವಾ, ಬೇಕಂತಲೇ ಮಾಡಿದ್ದಾ?

ಬಿಲ್ಲಿಂಗ್ ಮೇಡಂ: ಬಹುಶಃ ಬೇಕಂತಲೇ. ಬಟನ್ ಇರೋ ಜಾಗದಲ್ಲಿ ಬೀಗದ ಚಿಹ್ನೆಯೋ ‘ಅಪ್‌ಗ್ರೇಡ್ ಮಾಡಿ’ ಅಂತಲೋ ಕಂಡ್ರೆ ಅನುಮಾನವೇ ಬೇಡ. ಏನೂ ಕಾಣದಿದ್ರೆ, ಹೊಸ ಪ್ಲಾನ್ ಇರೋ ಬೇರೆ ಯಾರದ್ದಾದ್ರೂ ಖಾತೆಯಿಂದ ನಿಮ್ಮದೇ ಕಂಪ್ಯೂಟರ್‌ನಲ್ಲಿ ಲಾಗಿನ್ ಆಗಿ ನೋಡಿ. ಅಲ್ಲಿ ಬಟನ್ ಬಂದ್ರೆ ವಿಷಯ ಪ್ಲಾನ್‌ದು, ಆ್ಯಪ್‌ದಲ್ಲ. ಎರಡೂ ಕಡೆ ಬರದಿದ್ರೆ ಅವರು ಇನ್ನೂ ಎಲ್ಲರಿಗೂ ಬಿಟ್ಟಿಲ್ಲ, ಕಾಯಿರಿ. ಆಮೇಲೆ ಎರಡು ವಿಷಯ ಹೇಳಿ: ಕೊನೇ ಇನ್‌ವಾಯ್ಸ್‌ನಲ್ಲಿ ಪ್ಲಾನ್ ಹೆಸರು ಏನಂತಿದೆ? ನೀವೀಗ ಬಳಸೋ ಹಂಚಿಕೆ ಲಿಂಕ್‌ನ ಹೆಸರು ಇತ್ತೀಚೆಗೆ ಬದಲಾಗಿದೆಯಾ?

ನಿವೃತ್ತ ಮೇಷ್ಟ್ರು: ನನಗೂ ಹಂಗೇ ಆಗಿದೆ. ಫೋನಲ್ಲಿ ಜಾಗ ತುಂಬಿದೆ ಅಂತ ಬರ್ತಿದೆ, ಹಳೇ ಫೋಟೋ ಅಳಿಸಿದ್ರೂ ಹೋಗ್ತಿಲ್ಲ. ಇದೂ ಹಳೇ ಪ್ಲಾನ್ ಸಮಸ್ಯೆಯೇ?

ಕೋಡ್ ಬರೆಯೋನು: ಹಳೇ ಪ್ಲಾನ್‌ಗಳನ್ನ ಇಟ್ಕೊಳ್ಳೋದು ಕಂಪನಿಗೆ ದೊಡ್ಡ ತಲೆನೋವು ಸ್ವಾಮಿ. ಒಳಗೆ ಹೀಗಿರುತ್ತೆ:

```
if plan in ["team_v3", "team_v4"]:
    show("approval")
```

ನಿಮ್ಮದು `team_v1` ಆಗಿದ್ರೆ ಬಟನ್ ಬರಲ್ಲ, ಅಷ್ಟೇ. ಹಳೇ ಪ್ಲಾನ್‌ಗೂ ಕೊಡಬೇಕು ಅಂದ್ರೆ ಎಲ್ಲಾ ಮತ್ತೆ ಟೆಸ್ಟ್ ಮಾಡಬೇಕು. ಆ ಖರ್ಚಿಗೋಸ್ಕರವೇ ಕೊಡಲ್ಲ.

ಬಿಲ್ಲಿಂಗ್ ಮೇಡಂ: ಅರ್ಧ ಸರಿ. ಸೌಲಭ್ಯ ಅಂಟೋದು ಪ್ಲಾನ್‌ಗೆ, ಗ್ರಾಹಕನಿಗಲ್ಲ ಅನ್ನೋದು ನಿಜ. ಆದ್ರೆ ಆ ಪಟ್ಟಿಗೆ `team_v1` ಸೇರಿಸೋದು ಅಂಥ ದುಬಾರಿ ಕೆಲಸವೇನಲ್ಲ. ಬಿಲ್ಲಿಂಗ್‌ನಲ್ಲಿ ಹಳೇ ದರದ ದಾಖಲೆಯನ್ನ ಸಾಮಾನ್ಯವಾಗಿ ಯಾರೂ ತಿದ್ದಲ್ಲ. ಹೊಸ ದರಕ್ಕೆ ಹೊಸ ದಾಖಲೆ ಮಾಡ್ತೀವಿ, ಹಳೇದನ್ನ ಹೊಸ ಮಾರಾಟಕ್ಕೆ ಮುಚ್ತೀವಿ. ಒಳಗಿದ್ದವರು ಅದರಲ್ಲೇ ಓಡ್ತಿರ್ತಾರೆ. ಅಂದ್ರೆ ಹಳೇ ದರ ಉಳಿಸೋಕೆ ಯಾರೂ ಬೆವರು ಹರಿಸಬೇಕಿಲ್ಲ, ಸುಮ್ಮನಿದ್ರೆ ಸಾಕು. ದರ ಏರಿಸಿದ್ರೆ ಹಳಬರು ಬಿಟ್ಟು ಹೋಗ್ತಾರೆ ಅನ್ನೋ ಭಯಕ್ಕೆ ಉಳಿಸ್ತಾರೆ. ಹೊಸ ಸೌಲಭ್ಯ ತಡೆಹಿಡಿದ್ರೆ ತಾವಾಗೇ ಎದ್ದು ಬರ್ತಾರೆ ಅನ್ನೋ ಲೆಕ್ಕಕ್ಕೆ ತಡೀತಾರೆ. ಇಂಥ ಮೀಟಿಂಗ್‌ಗಳಲ್ಲಿ ನಾನೇ ಕೂತಿದ್ದೀನಿ.

ಕೋಡ್ ಬರೆಯೋನು: ಮೀಟಿಂಗ್‌ನಲ್ಲಿ ಕೂತವರಿಗೆ ಸುಲಭ. ರಾತ್ರಿ ಬಗ್ ಬಂದಾಗ ಏಳೋರು ನಾವು.

ಸ್ಟುಡಿಯೋ: ಇದು ಮೋಸ ಅಲ್ವಾ? ನಾನು ದುಡ್ಡು ಕೊಡ್ತಿದ್ದೀನಿ, ಎಲ್ಲರಿಗೂ ಕೊಟ್ಟಿದ್ದು ನನಗೂ ಕೊಡಬೇಕು.

ಲೆಕ್ಕದವರು: ಹೊಸಬರು ನಿಮಗಿಂತ ಹೆಚ್ಚು ಕೊಡ್ತಿದ್ದಾರೆ. ಅವರು ಕೊಟ್ಟಷ್ಟು ಕೊಡಿ, ಅವರಿಗೆ ಸಿಕ್ಕಿದ್ದು ಸಿಗುತ್ತೆ. ಇದರಲ್ಲಿ ಮೋಸ ಎಲ್ಲಿಂದ ಬಂತು?

ಸ್ಟುಡಿಯೋ: ‘ನಿಮಗೇನೂ ಬದಲಾಗಲ್ಲ’ ಅಂತ ಮೇಲ್ ಹಾಕಿದ್ದು ಅವರೇ.

ಲೆಕ್ಕದವರು: ಬದಲಾಗಿಲ್ಲವಲ್ಲ! ಅದೇ ನಿಮ್ಮ ದೂರು!

ಅನುವಾದದ ಆಫೀಸು: ಮೇಡಂ, ನೋಡಿದೆ. ಬೀಗದ ಚಿಹ್ನೆ ಇದೆ. ಇನ್‌ವಾಯ್ಸ್‌ನಲ್ಲಿ ಪ್ಲಾನ್ ಹೆಸರಿನ ಮುಂದೆ Legacy ಅಂತ ಸೇರಿದೆ, ಮೊದಲು ಇರಲಿಲ್ಲ. ನಾವು ಬಳಸೋ ಲಿಂಕ್‌ಗೆ ಈಗ ‘ಕ್ಲಾಸಿಕ್ ಲಿಂಕ್’ ಅಂತ ಹೆಸರಿಟ್ಟಿದ್ದಾರೆ. ಹೊಸ ಪ್ಲಾನ್‌ನವರಿಗೆ ಬೇರೆ ಥರದ ಲಿಂಕ್ ಅಂತೆ, ಒಪ್ಪಿಗೆ ಬಟನ್ ಇರೋದು ಅದರಲ್ಲೇ. ಹಳೇ ದರ ಒಬ್ಬರಿಗೆ 100 ಅಂದ್ಕೊಂಡ್ರೆ ಹೊಸದು 160.

ಬಿಲ್ಲಿಂಗ್ ಮೇಡಂ: ಒಪ್ಪಿಗೆ ಬಟನ್ ಬಿಡಿ, ನನಗೆ ಚಿಂತೆ ಆ ‘ಕ್ಲಾಸಿಕ್’ ಅನ್ನೋ ಪದದ್ದು.

ಹೊಸದನ್ನ ಕೊಡದೆ ಇರೋದು ಬೇರೆ, ಇದ್ದದ್ದನ್ನ ಸವೆಸೋದು ಬೇರೆ. ಅಮೆರಿಕದ ಎಟಿ ಆ್ಯಂಡ್ ಟಿ ಕಥೆಯಲ್ಲಿ ಎರಡೂ ಇದೆ. 2010ರಲ್ಲಿ ಅವರು ಅನ್‌ಲಿಮಿಟೆಡ್ ಡೇಟಾ ಪ್ಲಾನನ್ನ ಹೊಸಬರಿಗೆ ಮಾರೋದು ನಿಲ್ಲಿಸಿದ್ರು, ಹಳಬರಿಗೆ ಬಿಟ್ರು. 2012ರಲ್ಲಿ ಐಫೋನ್‌ನ ಫೇಸ್‌ಟೈಮ್ ವೈಫೈ ಇಲ್ಲದೆ ಮೊಬೈಲ್ ಡೇಟಾದಲ್ಲೂ ಓಡೋ ಹಾಗಾಯ್ತು. ಆದ್ರೆ ಅದನ್ನ ಮೊದಲು ಕೊಟ್ಟಿದ್ದು ಹೊಸ ಹಂಚಿಕೆ ಪ್ಲಾನ್‌ಗೆ ಬಂದವರಿಗೆ ಮಾತ್ರ. ಹಳೇ ಅನ್‌ಲಿಮಿಟೆಡ್‌ನವರ ಕೈಲಿ ಅದೇ ಫೋನ್, ಅದೇ ನೆಟ್‌ವರ್ಕ್, ಕರೆ ಮಾತ್ರ ಹೋಗಲ್ಲ. ಇದು ತಡೆಹಿಡಿಯೋದು. ಅದಕ್ಕೂ ಮುಂಚೆ, 2011ರಿಂದಲೇ, ಅದೇ ಅನ್‌ಲಿಮಿಟೆಡ್‌ನವರು ಜಾಸ್ತಿ ಡೇಟಾ ಬಳಸಿದ್ರೆ ವೇಗ ಇಳಿಸ್ತಿದ್ರು. ಇದು ಸವೆಸೋದು. 2014ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ಕೋರ್ಟಿಗೆ ಹೋಗಿದ್ದು ಈ ಎರಡನೇದರ ಮೇಲೆ. 2019ರಲ್ಲಿ 6 ಕೋಟಿ ಡಾಲರ್‌ಗೆ ರಾಜಿಯಾಯ್ತು.

ನಿಮ್ಮ ವಿಷಯಕ್ಕೆ ಬರ್ತೀನಿ. ಒಪ್ಪಿಗೆ ಬಟನ್ ಹೊಸದು, ಅದನ್ನ ಕೊಡದಿದ್ರೆ ಕೇಳೋ ಹಕ್ಕು ನಿಮಗಿಲ್ಲ. ಲಿಂಕ್ ಹಾಗಲ್ಲ, ಅದು ನೀವು ದುಡ್ಡು ಕೊಟ್ಟು ಕೊಂಡ ಹಳೇ ಸಾಮಾನು. ಅದಕ್ಕೆ ಬೇರೆ ಹೆಸರಿಟ್ಟು ಪಕ್ಕಕ್ಕೆ ಸರಿಸಿ, ಹೊಸ ಲಿಂಕನ್ನ ‘ಹೊಸ ಸೌಲಭ್ಯ’ ಅಂತ ಕರೆದ್ರೆ, ನಾಳೆ ಕ್ಲಾಸಿಕ್ ನಿಲ್ಲಿಸಿದ ದಿನ ನಿಮ್ಮ ಹತ್ರ ಹಳೇ ದರ ಇರುತ್ತೆ, ಲಿಂಕ್ ಇರಲ್ಲ. ಒಂದು ರೂಪಾಯಿ ಏರಿಸದೆ ಪ್ಲಾನ್ ಖಾಲಿ ಮಾಡೋ ದಾರಿ ಇದು. ಸೂಚನೆಗಳು ಸಾಮಾನ್ಯವಾಗಿ ಇದೇ ಸಾಲಲ್ಲಿ ಬರ್ತವೆ: ಹೆಸರು ಬದಲಾಗುತ್ತೆ, ಸಹಾಯ ಪುಟದಲ್ಲಿ ಹಳೇದರ ಚಿತ್ರಗಳು ಮಾಯ ಆಗ್ತವೆ, ಬಗ್ ಹೇಳಿದ್ರೆ ‘ಹೊಸದರಲ್ಲಿ ಸರಿಯಾಗಿದೆ’ ಅಂತ ಉತ್ತರ ಬರುತ್ತೆ, ಕೊನೆಗೆ ತಾರೀಕು. ನೀವು ಮೊದಲ ಮೆಟ್ಟಿಲಲ್ಲಿ ಇದ್ದೀರಿ.

ಬಟನ್ ಈಗಲೇ ಬೇಕು ಅಂದ್ರೆ ಆರೂ ಜನರನ್ನ ಎತ್ತಿ ಹಾಕಬೇಡಿ. ಈಗ ಕೊಡ್ತಿರೋದು 600, ಎಲ್ಲರೂ ಹೋದ್ರೆ 960. ಒಂದೇ ಖಾತೆಯಲ್ಲಿ ಎರಡು ಪ್ಲಾನ್ ಬೆರೆಸೋಕೆ ಬಹುತೇಕರು ಬಿಡಲ್ಲ. ಆದ್ರೆ ಬೇರೆ ಇಮೇಲ್‌ನಿಂದ ಒಬ್ಬರಿಗೆ ಹೊಸ ಖಾತೆ ತೆಗೆದ್ರೆ ಒಟ್ಟು 760, ಹಳೇದು ಮುಟ್ಟದೆ ಉಳಿಯುತ್ತೆ. ಒಪ್ಪಿಗೆ ಬೇಕಾದ ಫೈಲ್ ಮಾತ್ರ ಅಲ್ಲಿಂದ ಕಳಿಸಿ. ಹೊಸ ಪ್ಲಾನ್‌ಗೆ ಕನಿಷ್ಠ ಇಷ್ಟು ಜನ ಅಂತ ಷರತ್ತು ಇದೆಯಾ ಅನ್ನೋದನ್ನ ಮೊದಲು ನೋಡಿ.

ಹಳೇ ಖಾತೆಯಲ್ಲಿ ಮಾತ್ರ ಏನನ್ನೂ ಅಲುಗಾಡಿಸಬೇಡಿ. ಜನ ಕಡಿಮೆ ಮಾಡಿ ಆಮೇಲೆ ಸೇರಿಸೋದು, ತಿಂಗಳಿನದನ್ನ ವರ್ಷದ್ದಕ್ಕೆ ಬದಲಿಸೋದು, ಕಾರ್ಡ್ ಅವಧಿ ಮುಗಿದು ಹಣ ಕಟ್ ಆಗದೆ ಚಂದಾ ರದ್ದಾಗೋದು, ಈ ಮೂರರಲ್ಲೇ ನಾನು ಜಾಸ್ತಿ ಜನ ಹಳೇ ಪ್ಲಾನ್ ಕಳ್ಕೊಂಡಿದ್ದು ನೋಡಿರೋದು. ಕಾರ್ಡ್ ಯಾವಾಗ ಮುಗಿಯುತ್ತೆ ಅಂತ ಇವತ್ತೇ ನೋಡ್ಕೊಳ್ಳಿ.

ಪ್ರಿಂಟಿಂಗ್ ಪ್ರೆಸ್: ನನಗೆ ಬೇರೆ ಗುಂಪಲ್ಲಿ ಬಂದಿದ್ದು, ಎಲ್ಲರಿಗೂ ಉಪಯೋಗ: ‘ಹೊಸ ಪ್ಲಾನ್‌ನ ಉಚಿತ ಟ್ರಯಲ್ ಒತ್ತಿ, ಮುಗಿಯೋ ಹಿಂದಿನ ದಿನ ಡೌನ್‌ಗ್ರೇಡ್ ಮಾಡಿ. ಹಳೇ ದರ ವಾಪಸ್ ಬರುತ್ತೆ, ಹೊಸ ಸೌಲಭ್ಯವೂ ಉಳಿಯುತ್ತೆ. ನೂರಕ್ಕೆ ನೂರು ಕೆಲಸ ಮಾಡುತ್ತೆ.’

ಬಿಲ್ಲಿಂಗ್ ಮೇಡಂ: ದಯವಿಟ್ಟು ಯಾರೂ ಒತ್ತಬೇಡಿ. ಡೌನ್‌ಗ್ರೇಡ್ ಪಟ್ಟಿಯಲ್ಲಿ ಬರೋದು ಈಗ ಮಾರಾಟಕ್ಕಿರೋ ಪ್ಲಾನ್‌ಗಳು. ನಿಮ್ಮದು ಮುಚ್ಚಿದ ಪ್ಲಾನ್. ಹೊರಗೆ ಕಾಲಿಟ್ಟ ಮೇಲೆ ಒಳಗೆ ಬರೋಕೆ ಬಾಗಿಲೇ ಇಲ್ಲ.

ಗೃಹಿಣಿ: ಆ್ಯಪ್ ಅಪ್‌ಡೇಟ್ ಮಾಡದಿದ್ರೆ ಹಳೇ ದರ ಹಾಗೇ ಉಳಿಯುತ್ತೆ ಅಂತ ಒಂದು ವಿಡಿಯೋ ಬಂದಿತ್ತು, ನಿಜವಾ?

ಬಿಲ್ಲಿಂಗ್ ಮೇಡಂ: ಇಲ್ಲ. ದರ ಇರೋದು ಅವರ ಸರ್ವರ್‌ನಲ್ಲಿ. ಅಪ್‌ಡೇಟ್ ಮಾಡ್ಕೊಳ್ಳಿ.

ಸ್ಟುಡಿಯೋ: ಹಾಗಾದ್ರೆ ನನ್ನ ಹಳೇ ದರ ಜೀವನಪೂರ್ತಿ ತಾನೇ?

ಬಿಲ್ಲಿಂಗ್ ಮೇಡಂ: ಹಾಗಂತ ಬರೆದು ಕೊಟ್ಟಿದ್ದಾರಾ? ನೆಟ್‌ಫ್ಲಿಕ್ಸ್ 2014ರಲ್ಲಿ ಹೊಸಬರಿಗೆ ಏರಿಸಿ, ಹಳಬರಿಗೆ ಎರಡು ವರ್ಷ ಹಳೇ ದರ ಅಂತ ಹೇಳಿತ್ತು. 2016ರಲ್ಲಿ ಮುಗಿಸ್ತು. ನಿಮ್ಮ ಮೇಲ್‌ನಲ್ಲಿ ಅವಧಿ ಇಲ್ಲದಿದ್ರೆ, ಸಾಮಾನ್ಯವಾಗಿ ಅವರು ನೋಟಿಸ್ ಕೊಟ್ಟು ಬದಲಿಸೋವರೆಗೆ ಅಂತ ಓದ್ಕೊಳ್ಳಿ.

ಸ್ಟುಡಿಯೋ: ನೋಡಿ, ಮೋಸ ಅಂದಿದ್ದು ಇದಕ್ಕೇ.

ಲೆಕ್ಕದವರು: ಮತ್ತೆ ಶುರು ಮಾಡಿದ್ರು.

ಕೋಡ್ ಬರೆಯೋನು: ಅವರಿಗೆ ಎರಡೂ ಬೇಕು ಸರ್. ಹಳೇ ದರ, ಹೊಸ ಸಾಮಾನು.

ಸ್ಟುಡಿಯೋ: ನೀವು ಕಂಪನಿ ಪರ ಮಾತಾಡೋಕೆ ಗುಂಪಿಗೆ ಬಂದಿದ್ದಾ?

ಗುಂಪಿನ ನಿರ್ವಾಹಕ: ವೈಯಕ್ತಿಕ ಬೇಡ. ಪ್ರಶ್ನೆ ಇದ್ರೆ ಮಾತ್ರ ಹಾಕಿ.

ಅನುವಾದದ ಆಫೀಸು: ಮೇಡಂ, ಹೊಸ ಪ್ಲಾನ್‌ಗೆ ಕನಿಷ್ಠ ಮೂರು ಜನ ಅಂತಿದೆ. ಹಾಗಾದ್ರೆ?

ಲೆಕ್ಕದವರು: ಮೂರು ಸಲ 160 ಅಂದ್ರೆ 480. ಹಳೇ 600 ಸೇರಿಸಿದ್ರೆ 1080. ಎಲ್ಲರೂ ಹೋಗೋ 960ಕ್ಕಿಂತ ಜಾಸ್ತಿಯಾಯ್ತು. ಮೇಡಂ ಕೊಟ್ಟ ಉಪಾಯ ಇಲ್ಲಿಗೆ ಹೊಂದಲ್ಲ.

ಬಿಲ್ಲಿಂಗ್ ಮೇಡಂ: ಹೌದು, ಹೊಂದಲ್ಲ. ಹಾಗಿದ್ರೆ ಈಗ ಹೋಗಬೇಡಿ. ಒಪ್ಪಿಗೆಯನ್ನ ಇಷ್ಟು ದಿನದ ಹಾಗೆ ಮೇಲ್‌ನಲ್ಲೇ ತಗೊಳ್ಳಿ. ಸಪೋರ್ಟ್‌ಗೆ ಎರಡು ಪ್ರಶ್ನೆ ಬರೆದು ಕಳಿಸಿ: ಕ್ಲಾಸಿಕ್ ಲಿಂಕ್ ಹೊಸದಾಗಿ ಮಾಡೋದು ಎಂದಿನವರೆಗೆ? ಈಗಾಗಲೇ ಕಳಿಸಿರೋ ಲಿಂಕ್‌ಗಳು ಎಂದಿನವರೆಗೆ ತೆರೀತವೆ? ಎರಡೂ ಬೇರೆ ಬೇರೆ ದಿನ ಆಗಿರಬಹುದು. ಚಾಟ್ ಬೇಡ, ಮೇಲ್‌ನಲ್ಲೇ ಕೇಳಿ.

ಹೊಸ ಸದಸ್ಯ: ನಮಸ್ಕಾರ. ನನ್ನದು ಹಳೇ ಪ್ಲಾನ್, ಹೊಸ ಸೌಲಭ್ಯ ಬರ್ತಿಲ್ಲ. ಏನು ಮಾಡಬೇಕು?

ಬಿಲ್ಲಿಂಗ್ ಮೇಡಂ: ಮೇಲಿಂದ ಓದಿ.

ಹೊಸ ಸದಸ್ಯ: ತುಂಬಾ ಉದ್ದ ಇದೆ, ಚಿಕ್ಕದಾಗಿ ಹೇಳ್ತೀರಾ?

ನಿವೃತ್ತ ಮೇಷ್ಟ್ರು: ನನ್ನ ಫೋನ್ ವಿಷಯ ಯಾರೂ ಹೇಳಲಿಲ್ಲ.

ಅನುವಾದದ ಆಫೀಸು: ಉತ್ತರ ಬಂತು ಮೇಡಂ. ‘ಈಗಿರುವ ಲಿಂಕ್‌ಗಳು ಮುಂದುವರಿಯುತ್ತವೆ. ಕ್ಲಾಸಿಕ್ ಬಗ್ಗೆ ನಿರ್ಧಾರವಾದಾಗ ತಿಳಿಸುತ್ತೇವೆ.’ ಇಷ್ಟೇ.

ಬಿಲ್ಲಿಂಗ್ ಮೇಡಂ: ಎರಡನೇ ಪ್ರಶ್ನೆಗೆ ಉತ್ತರಿಸಿ ಮೊದಲನೇದನ್ನ ಹಾರಿಸಿದ್ದಾರೆ. ಅದೊಂದನ್ನೇ ಮತ್ತೆ ಕೇಳಿ. ಅಷ್ಟರಲ್ಲಿ ಆರು ಜನರ ಫೈಲ್‌ಗಳನ್ನೂ ಒಂದು ಸಲ ಪೂರ್ತಿ ಇಳಿಸಿ ನೋಡಿ, ಎಷ್ಟು ಹೊತ್ತು ಹಿಡಿಯುತ್ತೆ ಅಂತ ಗೊತ್ತಿರಲಿ.

ಪ್ರಿಂಟಿಂಗ್ ಪ್ರೆಸ್: ಮೇಡಂ, ಹೇಳೋಕೆ ನಾಚಿಕೆ. ಆ ಟ್ರಯಲ್ ನಾನು ಒತ್ತಿಯಾಗಿತ್ತು. ಈಗ ಹಳೇ ಪ್ಲಾನ್ ಪಟ್ಟಿಯಲ್ಲೇ ಇಲ್ಲ.

ಬಿಲ್ಲಿಂಗ್ ಮೇಡಂ: ಒತ್ತಿ ಎಷ್ಟು ದಿನ ಆಯ್ತು?

ಪ್ರಿಂಟಿಂಗ್ ಪ್ರೆಸ್: ಹನ್ನೊಂದು.

ಬಿಲ್ಲಿಂಗ್ ಮೇಡಂ: ಟ್ರಯಲ್ ಮುಗಿದು ಹೊಸ ದರದ ಮೊದಲ ಹಣ ಕಟ್ ಆಗೋ ಮುಂಚೆ, ಇವತ್ತೇ ಬರೀರಿ. ಹಳೇ ದಾಖಲೆ ಅಳಿಸಿರಲ್ಲ, ಮಾರಾಟಕ್ಕೆ ಮುಚ್ಚಿರ್ತಾರೆ ಅಷ್ಟೇ. ಒಳಗಿನವರು ಮನಸ್ಸು ಮಾಡಿದ್ರೆ ಕೈಯಿಂದ ವಾಪಸ್ ಹಾಕಬಹುದು. ಹಳೇ ದರದ ಕೊನೇ ಇನ್‌ವಾಯ್ಸ್ ಲಗತ್ತಿಸಿ. ಮಾಡೇ ಮಾಡ್ತಾರೆ ಅಂತ ನಾನು ಹೇಳಲ್ಲ. ಆ ಫಾರ್ವರ್ಡ್ ಮೆಸೇಜನ್ನ ಮೊದಲು ಇಲ್ಲಿಂದ ಅಳಿಸಿ, ಆಗಲೇ ಇಬ್ಬರು ಹಾರ್ಟ್ ಒತ್ತಿದ್ದಾರೆ.